ಮೊದಲ ರೆಫರಿ ವರದಿ: ಯಾವುದು ಮೇಜರ್, ಯಾವುದು ಮೈನರ್, ಕೊನೆಗೆ ಶಿಫಾರಸು ಯಾವುದು?

ಪ್ರಶ್ನೆ: ಕೃಷಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಎರಡು ವರ್ಷವಾಗಿದೆ. ಒಂದು ಜರ್ನಲ್‌ನವರು ಮೊದಲ ಬಾರಿಗೆ ನನ್ನನ್ನು ರೆಫರಿಯಾಗಿ ಕೇಳಿದ್ದಾರೆ, ಒಪ್ಪಿಕೊಂಡಿದ್ದೇನೆ. ಜೈವಿಕ ಗೊಬ್ಬರದ ಮೇಲಿನ ಕ್ಷೇತ್ರ ಪ್ರಯೋಗದ ಲೇಖನ. ಓದುತ್ತಾ ಗುರುತು ಹಾಕಿಕೊಂಡದ್ದು 43 ಕಾಮೆಂಟು ಆಯಿತು. ಮೂವತ್ತಕ್ಕಿಂತ ಹೆಚ್ಚು ಭಾಷೆ ಮತ್ತು ಕೋಷ್ಟಕಗಳ ಬಗ್ಗೆ. ಅಂಕಿ-ಅಂಶದ ವಿಶ್ಲೇಷಣೆಯ ಬಗ್ಗೆ ಒಂದು ಅನುಮಾನವಿದೆ, ಆದರೆ ನನಗೇ ಪೂರ್ತಿ ಧೈರ್ಯವಿಲ್ಲ. ಲೇಖಕರಲ್ಲಿ ಒಬ್ಬರು ನಮ್ಮ ಕ್ಷೇತ್ರದ ಹಿರಿಯರು. ನನ್ನ ಗೈಡ್, "ಮೇಜರ್ ರಿವಿಷನ್ ಅಂತ ಹಾಕಿಬಿಡು, ಯಾರಿಗೂ ಬೇಜಾರಿಲ್ಲ" ಎನ್ನುತ್ತಾರೆ. ಯಾವುದನ್ನು ಮೇಜರ್ ಎಂದು ಬರೆಯಲಿ, ಯಾವುದನ್ನು ಮೈನರ್ ಎಂದು ಬರೆಯಲಿ, ಶಿಫಾರಸನ್ನು ಹೇಗೆ ನಿರ್ಧರಿಸಲಿ?

ಉತ್ತರ: ನೀವು ಲೇಖನದ ಹೆಸರನ್ನಾಗಲಿ ಜರ್ನಲ್‌ನ ಹೆಸರನ್ನಾಗಲಿ ಹೇಳದೆ ಕೇಳಿದ್ದು ಸರಿಯಾಗಿದೆ. ಪರಿಶೀಲನೆಗೆ ಬಂದ ಹಸ್ತಪ್ರತಿ ಪ್ರಕಟವಾಗುವವರೆಗೆ ಗೋಪ್ಯವಾದದ್ದು. ಆದ್ದರಿಂದ ನಾನೂ ನಿಮ್ಮ ಹಸ್ತಪ್ರತಿಯನ್ನು ಊಹಿಸಲು ಹೋಗದೆ, ಅದೇ ಜಾತಿಯ ಒಂದು ಕಲ್ಪಿತ ಹಸ್ತಪ್ರತಿಯನ್ನು ಕಟ್ಟಿಕೊಂಡು ಉತ್ತರಿಸುತ್ತೇನೆ. ಅದರ ಅಂಕಿಗಳು ನಾನೇ ಇಟ್ಟುಕೊಂಡವು. ದೋಷ ಮಾತ್ರ ಕಲ್ಪಿತವಲ್ಲ, ನಮ್ಮ ಕ್ಷೇತ್ರದ ಹಸ್ತಪ್ರತಿಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು.

ಮೊದಲು 43ರ ಮಾತು. ನನ್ನ ಮೊದಲ ವರದಿಯಲ್ಲಿ ಅರವತ್ತಕ್ಕೂ ಹೆಚ್ಚು ಕಾಮೆಂಟುಗಳಿದ್ದವು. ಪುಟದ ಕ್ರಮದಲ್ಲಿ ಒಂದರ ಕೆಳಗೊಂದು ಪೋಣಿಸಿ ಹೆಮ್ಮೆಯಿಂದ ಕಳುಹಿಸಿದ್ದೆ. ನಾಲ್ಕನೆಯ ದಿನ ಸಂಪಾದಕರಿಂದ ಎರಡೇ ಸಾಲಿನ ಪತ್ರ ಬಂತು: ಶ್ರಮಕ್ಕೆ ಧನ್ಯವಾದಗಳು, ಆದರೆ ಈ ಲೇಖನದ ಮುಖ್ಯ ತೀರ್ಮಾನವನ್ನು ನೀವು ನಂಬುತ್ತೀರೋ ಇಲ್ಲವೋ ತಿಳಿಯಲಿಲ್ಲ. ಅರವತ್ತು ಕಾಮೆಂಟು ಬರೆದವನು ಅದೊಂದನ್ನು ಬರೆದಿರಲಿಲ್ಲ. ಸಂಪಾದಕರಿಗೆ ಬೇಕಾದದ್ದು ಅದೊಂದೇ, ಲೇಖಕರಿಗೂ ಅದೇ. ತಪ್ಪುಗಳ ಸಂಖ್ಯೆ ಹೆಚ್ಚಿದಷ್ಟೂ ವರದಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಹೊಸ ರೆಫರಿಗಳಲ್ಲಿ ಬಹಳ ಸಾಮಾನ್ಯ. ಫಲ ಮಾತ್ರ ಉಲ್ಟಾ: ಏಳನೆಯ ಸ್ಥಾನದಲ್ಲಿ ಕುಳಿತ ಗಂಭೀರ ದೋಷವನ್ನು ಲೇಖಕರು ಎಂಟನೆಯ ಸ್ಥಾನದ ಅಲ್ಪವಿರಾಮದಷ್ಟೇ ಹಗುರವಾಗಿ ತೆಗೆದುಕೊಂಡು, "ಸರಿಪಡಿಸಲಾಗಿದೆ" ಎಂದು ಬರೆದು ಮುಂದೆ ಹೋಗುತ್ತಾರೆ.

ಎಲ್ಲ ತಪ್ಪುಗಳನ್ನೂ ಹಿಡಿಯುವುದು ನಿಮ್ಮಿಂದ ಸಾಧ್ಯವೂ ಇಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ರೆಫರಿಗಳಿಗೆ ಬೇಕೆಂದೇ 9 ದೊಡ್ಡ ದೋಷಗಳನ್ನು ಸೇರಿಸಿದ ಲೇಖನಗಳನ್ನು ಕೊಟ್ಟಿದ್ದರು. ಅವರು ಹಿಡಿದದ್ದು ಸರಾಸರಿ ಮೂರು ಅಥವಾ ಅದಕ್ಕೂ ಕಡಿಮೆ. ಸಂಪಾದಕರು ಇಬ್ಬರು ಮೂವರು ರೆಫರಿಗಳನ್ನು ಕೇಳುವುದಕ್ಕೆ ಇದೂ ಒಂದು ಕಾರಣ. ನಿಮಗೆ ಗೊತ್ತಿರುವ ಭಾಗದಲ್ಲಿ ಲೇಖನವನ್ನು ನಿಲ್ಲಿಸುವ ಅಥವಾ ಬೀಳಿಸುವ ಎರಡು ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಿದರೆ ನಿಮ್ಮ ಪಾಲಿನ ಕೆಲಸ ಆಯಿತು.

ಮೇಜರ್ ಮತ್ತು ಮೈನರ್ ಎಂದು ಬೇರ್ಪಡಿಸಲು ನಾನು ಪ್ರತಿ ಕಾಮೆಂಟಿಗೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಒಂದನೆಯದು: ಈ ಕಾಮೆಂಟು ಸರಿಯೆಂದಾದರೆ ಲೇಖನದ ಮುಖ್ಯ ತೀರ್ಮಾನ ಬದಲಾಗುತ್ತದೆಯೆ, ಅಥವಾ ಅದನ್ನು ನಂಬುವುದು ಕಷ್ಟವಾಗುತ್ತದೆಯೆ? ಹೌದಾದರೆ ಅದು ಮೇಜರ್, ಇಲ್ಲವಾದರೆ ಎಷ್ಟೇ ಕಿರಿಕಿರಿ ಮಾಡಿದರೂ ಮೈನರ್. ಎರಡನೆಯದು: ಲೇಖಕರ ಕೈಯಲ್ಲಿ ಈಗಾಗಲೇ ಇರುವ ದತ್ತಾಂಶದಿಂದ ಇದನ್ನು ಸರಿಪಡಿಸಬಹುದೆ? ಮೊದಲನೆಯ ಪ್ರಶ್ನೆ ಕಾಮೆಂಟಿನ ಜಾಗವನ್ನು ತೀರ್ಮಾನಿಸುತ್ತದೆ, ಎರಡನೆಯದು ಶಿಫಾರಸನ್ನು. ಹೊಸಬರು ಈ ಎರಡನ್ನೂ ಒಂದಾಗಿ ಕಲಸಿ, ತಿದ್ದಲು ಹೆಚ್ಚು ಕೆಲಸ ಬೇಕಾದದ್ದನ್ನೆಲ್ಲ ಮೇಜರ್ ಎಂದೂ ಬೇಗ ತಿದ್ದಬಹುದಾದದ್ದನ್ನೆಲ್ಲ ಮೈನರ್ ಎಂದೂ ಬರೆಯುತ್ತಾರೆ. ಇಡೀ ಚರ್ಚೆಯ ಭಾಗವನ್ನು ಮತ್ತೆ ಬರೆಯಬೇಕಾಗಿ ಬಂದರೂ ಅದು ಮೈನರ್ ಆಗಿರಬಹುದು. ಕೋಷ್ಟಕದ ಕೆಳಗಿನ ಒಂದು ಪುಟ್ಟ ಟಿಪ್ಪಣಿ ಮೇಜರ್ ಆಗಿರಬಹುದು. ನಮ್ಮ ಉದಾಹರಣೆ ಅಂಥದ್ದೇ ಒಂದು ಟಿಪ್ಪಣಿಯದು.

ಹಸ್ತಪ್ರತಿ ಹೀಗಿದೆ ಎಂದುಕೊಳ್ಳಿ. ಮುಂಗಾರಿನಲ್ಲಿ ಒಂದೇ ಹಂಗಾಮು ಮಳೆಯಾಶ್ರಿತ ರಾಗಿಯ ಮೇಲೆ ಮಾಡಿದ ಪ್ರಯೋಗ. ಮೂರು ಉಪಚಾರಗಳು: ಶಿಫಾರಸು ಮಾಡಿದ ಸಾರಜನಕ ಪೂರ್ತಿ, ಅದರ 75% ಮಾತ್ರ, ಮತ್ತು 75% ಸಾರಜನಕದ ಜೊತೆ ಅಜೋಸ್ಪಿರಿಲಂ ಎಂಬ ಜೈವಿಕ ಗೊಬ್ಬರದ ಬ್ಯಾಕ್ಟೀರಿಯಾದಿಂದ ಬೀಜೋಪಚಾರ. ನಾಲ್ಕು ಬ್ಲಾಕುಗಳ ಆರ್.ಬಿ.ಡಿ. ವಿನ್ಯಾಸ: ಪ್ರತಿ ಬ್ಲಾಕಿನಲ್ಲೂ ಮೂರು ಉಪಚಾರಗಳಿಗೆ ಒಂದೊಂದು ತಾಕನ್ನು ಚೀಟಿ ಎತ್ತಿದಂತೆ ಹಂಚಿದ್ದಾರೆ, ಅಂದರೆ ಒಟ್ಟು 12 ತಾಕುಗಳು. ಪ್ರತಿ ತಾಕಿನಿಂದ 10 ಗಿಡಗಳನ್ನು ಆರಿಸಿ ಗಿಡವೊಂದರ ಕಾಳಿನ ತೂಕವನ್ನು ಅಳೆದಿದ್ದಾರೆ. ಸರಾಸರಿಗಳು ಕ್ರಮವಾಗಿ 12, 10 ಮತ್ತು 12 ಗ್ರಾಂ. ಕೋಷ್ಟಕದ ಕೆಳಗೆ "ಎನ್ = 40, ಸಿ.ಡಿ. 1.33" ಎಂದಿದೆ. ಎನ್ ಎಂದರೆ ಪ್ರತಿ ಉಪಚಾರದ ಸ್ವತಂತ್ರ ಅಳತೆಗಳೆಂದು ಲೆಕ್ಕಕ್ಕೆ ಹಿಡಿದ ಸಂಖ್ಯೆ; ಸಿ.ಡಿ. ಎಂದರೆ ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎನ್ನಲು ದಾಟಬೇಕಾದ ಅಂತರ. ತೀರ್ಮಾನ: ಅಜೋಸ್ಪಿರಿಲಂ ಬಳಸಿದರೆ ಇಳುವರಿ ಕಡಿಮೆಯಾಗದಂತೆ 25% ಸಾರಜನಕವನ್ನು ಉಳಿಸಬಹುದು, ರೈತರಿಗೆ ಇದನ್ನು ಶಿಫಾರಸು ಮಾಡಬಹುದು.

ಮೊದಲ ಓದಿಗೆ ಇದರಲ್ಲಿ ತೊಡಕೇನೂ ಕಾಣುವುದಿಲ್ಲ. ಅಜೋಸ್ಪಿರಿಲಂ ಸೇರಿಸಿದ್ದರಿಂದ 2 ಗ್ರಾಂ ಹೆಚ್ಚಾಗಿದೆ, ಸಿ.ಡಿ. 1.33 ಇದೆ, 2 ಅದಕ್ಕಿಂತ ದೊಡ್ಡದು. ಪೂರ್ತಿ ಸಾರಜನಕದ ಸಾಲಿಗೂ ಅಜೋಸ್ಪಿರಿಲಂ ಸಾಲಿಗೂ ವ್ಯತ್ಯಾಸವೇ ಇಲ್ಲ, ಅಂದರೆ ನಮ್ಮವರು ಹೇಳುವಂತೆ ಅವೆರಡೂ "ಆನ್ ಪಾರ್". ಆದರೆ ಎನ್ 40 ಹೇಗಾಯಿತು? ಬ್ಲಾಕುಗಳು ನಾಲ್ಕೇ. ಗೊಬ್ಬರವನ್ನೂ ಬೀಜೋಪಚಾರವನ್ನೂ ಕೊಟ್ಟದ್ದು ತಾಕಿಗೆ. ಒಂದು ತಾಕಿನ ಹತ್ತು ಗಿಡಗಳು ಒಂದೇ ಮಣ್ಣನ್ನು, ಒಂದೇ ತೇವವನ್ನು, ಒಂದೇ ಇಳಿಜಾರನ್ನು ಹಂಚಿಕೊಂಡವು. ಅವು ಹತ್ತು ಸ್ವತಂತ್ರ ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯನ್ನು ಹತ್ತು ಸಲ ಕೇಳಿದಂತೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ದೋಷವನ್ನು ಸೂಡೋರೆಪ್ಲಿಕೇಷನ್ ಎಂದು ಕರೆದರು. ಆಗ ಅವರು ಪರಿಶೀಲಿಸಿದ ಅಧ್ಯಯನಗಳಲ್ಲಿ, ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಿದ್ದವುಗಳ ಪೈಕಿ ಸುಮಾರು ಅರ್ಧದಲ್ಲಿ ಅದು ಇತ್ತು. ಹಿರಿಯರ ಲೇಖನದಲ್ಲಿ ಇದು ಕಂಡರೆ ನೀವು ಬೆಚ್ಚಬೇಕಾಗಿಲ್ಲ, ಅವರ ಬಗ್ಗೆ ಕೆಟ್ಟದಾಗಿ ಎಣಿಸಬೇಕಾಗಿಯೂ ಇಲ್ಲ.

ಅನುಮಾನವನ್ನು ಅನುಮಾನವಾಗಿಯೇ ಬರೆದು ಕಳುಹಿಸಬೇಡಿ. ಸಾಧ್ಯವಾದರೆ ಲೆಕ್ಕ ಹಾಕಿ ನೋಡಿ. ಧೈರ್ಯ ಬರುವುದು ಅಲ್ಲಿಂದ. ಪೂರಕ ಕಡತದಲ್ಲಿ ತಾಕುವಾರು ಸರಾಸರಿಗಳನ್ನು ಕೊಟ್ಟಿದ್ದಾರೆ ಎಂದುಕೊಳ್ಳೋಣ. ನಾಲ್ಕು ಬ್ಲಾಕುಗಳಲ್ಲಿ ಕ್ರಮವಾಗಿ ಪೂರ್ತಿ ಸಾರಜನಕಕ್ಕೆ 10.5, 13, 12, 12.5, 75%ಕ್ಕೆ 8.5, 10, 11.5, 10, ಅಜೋಸ್ಪಿರಿಲಂ ಸೇರಿದ್ದಕ್ಕೆ 12.5, 10, 13.5, 12. ಲೆಕ್ಕಕ್ಕೂ ಮೊದಲು ಕಣ್ಣಿನಿಂದಲೇ ನೋಡಿ: ಅಜೋಸ್ಪಿರಿಲಂನಿಂದ ಬಂದ ಹೆಚ್ಚಳ ಮೊದಲ ಬ್ಲಾಕಿನಲ್ಲಿ 4 ಗ್ರಾಂ, ಎರಡನೆಯದರಲ್ಲಿ ಸೊನ್ನೆ, ಉಳಿದ ಎರಡರಲ್ಲಿ 2 ಗ್ರಾಂ. ಗಿಡಗಳನ್ನು ಬಿಟ್ಟು ತಾಕುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಟ್ಟು ಡಿಗ್ರೀಸ್ ಆಫ್ ಫ್ರೀಡಂ 11. ಉಪಚಾರಕ್ಕೆ 2, ಬ್ಲಾಕಿಗೆ 3 ಹೋಗಿ ಎರರ್‌ಗೆ ಉಳಿಯುವುದು 6. ಎರರ್ ಮೀನ್ ಸ್ಕ್ವೇರ್ 1.5 ಬರುತ್ತದೆ. ಎಫ್ ಮೌಲ್ಯ 3.56, ಬೇಕಾದದ್ದು 5.14. ಸಿ.ಡಿ. 1.33 ಅಲ್ಲ, 2.12. ಲೇಖಕರ 2 ಗ್ರಾಂ ಅದನ್ನು ದಾಟುವುದಿಲ್ಲ.

ಇಷ್ಟಕ್ಕೆ ನಿಂತುಬಿಡುವ ರೆಫರಿಗಳೇ ಹೆಚ್ಚು. ಆದರೆ ಇನ್ನೊಂದು ಹೆಜ್ಜೆ ಇಟ್ಟರೆ ಮಾತ್ರ ಲೇಖನದ ನಿಜವಾದ ತೊಂದರೆ ಕಾಣುತ್ತದೆ. ಸಿ.ಡಿ. 2.12 ಆದಮೇಲೆ ಮೂರೂ ಉಪಚಾರಗಳು ಒಂದಕ್ಕೊಂದು "ಆನ್ ಪಾರ್" ಆಗುತ್ತವೆ. ಅಂದರೆ ಲೇಖಕರು ಬಳಸಿದ ತರ್ಕವನ್ನೇ ಹಿಡಿದರೆ, ಅಜೋಸ್ಪಿರಿಲಂ ಇಲ್ಲದ 75% ಕೂಡ ಪೂರ್ತಿ ಸಾರಜನಕಕ್ಕೆ ಸಮ ಎನ್ನಬೇಕಾಗುತ್ತದೆ. ಹಾಗಾದರೆ ಜೈವಿಕ ಗೊಬ್ಬರದ ಕೆಲಸವೇನು? ಪ್ರಯೋಗ ಎಷ್ಟು ಒರಟಾಗಿದ್ದರೆ ಅಷ್ಟು ಹೆಚ್ಚು ಸಂಗತಿಗಳು "ಆನ್ ಪಾರ್" ಆಗುತ್ತವೆ. ವ್ಯತ್ಯಾಸ ಕಾಣಲಿಲ್ಲ ಎಂಬುದು ಸಮಾನತೆಗೆ ಸಾಕ್ಷಿಯಲ್ಲ. ಹಾಗೆಯೇ, ಅಜೋಸ್ಪಿರಿಲಂನಿಂದ ಪ್ರಯೋಜನವಿಲ್ಲ ಎಂದು ನೀವು ಬರೆದರೆ ನೀವೂ ಅದೇ ತಪ್ಪನ್ನು ಇನ್ನೊಂದು ದಿಕ್ಕಿನಲ್ಲಿ ಮಾಡಿದಂತೆ. 2 ಗ್ರಾಂ ಮತ್ತು 2.12 ಬಹಳ ಹತ್ತಿರದ ಸಂಖ್ಯೆಗಳು. ಪ್ರಯೋಜನ ಇರಬಹುದು, ಆದರೆ ಈ ಪ್ರಯೋಗಕ್ಕೆ ಅದನ್ನು ತೀರ್ಮಾನಿಸುವ ಶಕ್ತಿ ಇಲ್ಲ. ನಿಮ್ಮ ವರದಿ ಹೇಳಬೇಕಾದದ್ದು ಇಷ್ಟನ್ನೇ, ಇದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಪೂರಕ ಕಡತದಲ್ಲಿ ತಾಕುವಾರು ಅಂಕಿಗಳಿಲ್ಲದಿದ್ದರೆ? ಆಗಲೂ "ಎನ್ = 40" ಎಂಬುದರಿಂದ, ಅಥವಾ ವಿಶ್ಲೇಷಣಾ ಕೋಷ್ಟಕದಲ್ಲಿ ಎರರ್ ಡಿಗ್ರೀಸ್ ಆಫ್ ಫ್ರೀಡಂ 6ರ ಬದಲು ನೂರಕ್ಕೂ ಮೇಲಿರುವುದರಿಂದ ದೋಷವನ್ನು ಗುರುತಿಸಬಹುದು. ತಾಕುವಾರು ಸರಾಸರಿ ಕೊಡಿ ಎಂದು ಲೇಖಕರನ್ನು ಕೇಳಿ. ಇಂಥ ಸಂದರ್ಭದಲ್ಲಿ ಸಂಪಾದಕರಿಗೆ, ಈ ಭಾಗವನ್ನು ಸಂಖ್ಯಾಶಾಸ್ತ್ರ ಬಲ್ಲ ಇನ್ನೊಬ್ಬರಿಗೂ ತೋರಿಸುವುದು ಒಳ್ಳೆಯದು ಎಂದು ಬರೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ನನಗೆ ಗೊತ್ತಿಲ್ಲದ ಭಾಗ ಇಂಥದ್ದು ಎಂದು ಹೇಳಿದ ರೆಫರಿಯ ಉಳಿದ ಮಾತುಗಳಿಗೆ ಸಂಪಾದಕರು ಹೆಚ್ಚು ಬೆಲೆ ಕೊಡುತ್ತಾರೆ.

ಈಗ ಇದನ್ನು ಬರೆಯುವ ಕ್ರಮ. ವರದಿಯ ಮೊದಲ ಪ್ಯಾರಾ ನಿಮ್ಮ ಮಾತಿನಲ್ಲಿ ಲೇಖನದ ಸಾರಾಂಶವಾಗಿರಲಿ: ಏನು ಕೇಳಿದರು, ಏನು ಮಾಡಿದರು, ಏನು ಕಂಡರು, ನಾಲ್ಕೈದು ವಾಕ್ಯದಲ್ಲಿ. ಇದು ಬರೀ ಔಪಚಾರಿಕತೆಯ ಮಾತಲ್ಲ. ನೀವು ಲೇಖನವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಲೇಖಕರಿಗೂ ಸಂಪಾದಕರಿಗೂ ಅದು ಇಲ್ಲೇ ಗೊತ್ತಾಗುತ್ತದೆ, ನಿಮಗೂ ಬರೆಯುವಾಗಲೇ ಗೊತ್ತಾಗುತ್ತದೆ. ಆಮೇಲೆ ಒಳ್ಳೆಯದಿದ್ದರೆ ಅದನ್ನು ನಿರ್ದಿಷ್ಟವಾಗಿ ಹೇಳಿ. ನಮ್ಮ ಉದಾಹರಣೆಯಲ್ಲಿ, ಜೈವಿಕ ಗೊಬ್ಬರವಿಲ್ಲದ 75% ಸಾರಜನಕದ ತಾಕನ್ನು ಇಟ್ಟದ್ದು ನಿಜಕ್ಕೂ ಮೆಚ್ಚುವ ಸಂಗತಿ, ಎಷ್ಟೋ ಹಸ್ತಪ್ರತಿಗಳಲ್ಲಿ ಅದೇ ಇರುವುದಿಲ್ಲ. "ಲೇಖನ ಆಸಕ್ತಿಕರವಾಗಿದೆ, ಚೆನ್ನಾಗಿ ಬರೆಯಲಾಗಿದೆ" ಎಂಬಂಥ ವಾಕ್ಯ ಯಾವ ಲೇಖನಕ್ಕೂ ಒಪ್ಪುತ್ತದೆ, ಹಾಗಾಗಿ ಅದನ್ನು ಬಿಟ್ಟರೆ ನಷ್ಟವಿಲ್ಲ.

ನಂತರ ಮೇಜರ್ ಕಾಮೆಂಟುಗಳು, ಸಂಖ್ಯೆ ಹಾಕಿ, ತೂಕದ ಕ್ರಮದಲ್ಲಿ. ಪ್ರತಿಯೊಂದರಲ್ಲೂ ನಾಲ್ಕು ವಿಷಯಗಳು ಇರಲಿ: ಲೇಖಕರು ಎಲ್ಲಿ ಏನು ಹೇಳಿದ್ದಾರೆ, ತೊಂದರೆ ಏನು, ಅದರಿಂದ ಯಾವ ತೀರ್ಮಾನಕ್ಕೆ ಧಕ್ಕೆ, ಮತ್ತು ಏನು ಮಾಡಿದರೆ ನಿಮಗೆ ಸಮಾಧಾನ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. "ವಿಶ್ಲೇಷಣೆ ಸರಿಯಿಲ್ಲ" ಎಂದಷ್ಟೇ ಬರೆದರೆ ಲೇಖಕರು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಅದೇ ತಪ್ಪನ್ನು ಮಾಡಿ ಕಳುಹಿಸುತ್ತಾರೆ. ವರದಿಯನ್ನು ನೀವು ಇಂಗ್ಲಿಷಿನಲ್ಲೇ ಬರೆಯುತ್ತೀರಿ. ಧಾಟಿ ತಿಳಿಯಲೆಂದು ಅದರ ಒಂದು ಕಾಮೆಂಟನ್ನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ:

"1. ಕೋಷ್ಟಕ 2ರಲ್ಲಿ ಪ್ರತಿ ಉಪಚಾರಕ್ಕೆ ಎನ್ = 40 ಎಂದಿದೆ. ಉಪಚಾರಗಳನ್ನು ತಾಕುಗಳಿಗೆ ಕೊಟ್ಟಿರುವುದರಿಂದ ಪ್ರಯೋಗದ ಘಟಕ ತಾಕು, ಗಿಡವಲ್ಲ. ಸ್ವತಂತ್ರ ಪುನರಾವರ್ತನೆಗಳು ನಾಲ್ಕು. ಪೂರಕ ಕಡತದ ತಾಕುವಾರು ಸರಾಸರಿಗಳನ್ನು ಬಳಸಿ ನಾನು ಲೆಕ್ಕ ಹಾಕಿದಾಗ ಸಿ.ಡಿ. ಸುಮಾರು 2.12 ಗ್ರಾಂ ಬಂತು, ಮತ್ತು ಮೂರು ಉಪಚಾರಗಳ ನಡುವಿನ ಯಾವ ವ್ಯತ್ಯಾಸವೂ ಅದನ್ನು ದಾಟಲಿಲ್ಲ. ಹೀಗಾದರೆ 25% ಸಾರಜನಕದ ಉಳಿತಾಯ ಅಜೋಸ್ಪಿರಿಲಂನಿಂದ ಸಾಧ್ಯವಾಯಿತು ಎಂಬ ತೀರ್ಮಾನಕ್ಕೆ ಆಧಾರ ಉಳಿಯುವುದಿಲ್ಲ. ದಯವಿಟ್ಟು ಎಲ್ಲ ಅಳತೆಗಳನ್ನೂ ತಾಕುವಾರು ಸರಾಸರಿಯಿಂದ, ಅಥವಾ ತಾಕನ್ನು ರ‍್ಯಾಂಡಮ್ ಅಂಶವಾಗಿ ಸೇರಿಸಿದ ಮಾದರಿಯಿಂದ, ಮರುವಿಶ್ಲೇಷಿಸಿ. ಉಪಚಾರಗಳ ವ್ಯತ್ಯಾಸವನ್ನು ಅದರ ವಿಶ್ವಾಸಾಂತರದೊಂದಿಗೆ ಕೊಡಿ. ಮತ್ತು ಸಾರಾಂಶ ಹಾಗೂ ಶಿಫಾರಸನ್ನು ಆ ಫಲಿತಾಂಶಕ್ಕೆ ಹೊಂದಿಸಿ. ನಾನು ವಿನ್ಯಾಸವನ್ನು ತಪ್ಪಾಗಿ ಓದಿದ್ದರೆ, ಗಿಡಗಳನ್ನು ಹೇಗೆ ಸ್ವತಂತ್ರವೆಂದು ಪರಿಗಣಿಸಲಾಯಿತು ಎಂಬುದನ್ನು ವಿಧಾನದ ಭಾಗದಲ್ಲಿ ವಿವರಿಸಿ."

ಇದರಲ್ಲಿ ಲೇಖಕರ ಬಗ್ಗೆ ಒಂದು ಮಾತೂ ಇಲ್ಲ, ಎಲ್ಲವೂ ತಾಕು, ಕೋಷ್ಟಕ, ತೀರ್ಮಾನದ ಬಗ್ಗೆಯೇ ಇದೆ. ಹಿರಿಯರಾಗಲಿ ಕಿರಿಯರಾಗಲಿ ಇದನ್ನು ಓದಿ ನೊಂದುಕೊಳ್ಳಲು ಜಾಗವಿಲ್ಲ. ಕೊನೆಯ ವಾಕ್ಯವನ್ನು ಸುಮ್ಮನೆ ವಿನಯಕ್ಕೆ ಹಾಕಿದ್ದಲ್ಲ. ಕೆಲವೊಮ್ಮೆ ನಾವೇ ತಪ್ಪಾಗಿ ಓದಿರುತ್ತೇವೆ, ಲೇಖಕರಿಗೆ ಉತ್ತರಿಸುವ ದಾರಿ ಬೇಕು.

ಈ ಹಸ್ತಪ್ರತಿಗೆ ಎರಡನೆಯ ಮೇಜರ್ ಕಾಮೆಂಟು ಒಂದೇ ಹಂಗಾಮಿನ ಮಳೆಯಾಶ್ರಿತ ಪ್ರಯೋಗದಿಂದ ರೈತರಿಗೆ ಶಿಫಾರಸು ಹೊರಡಿಸುವುದರ ಬಗ್ಗೆ. ಮಳೆ ಚೆನ್ನಾಗಿ ಹಂಚಿಕೊಂಡು ಬಂದ ವರ್ಷದಲ್ಲಿ ಕಂಡದ್ದು ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟ ವರ್ಷದಲ್ಲಿ ಕಾಣದೆ ಹೋಗಬಹುದು. ಇಲ್ಲಿ "ಇನ್ನೊಂದು ವರ್ಷ ಪ್ರಯೋಗ ಮಾಡಿ" ಎಂದು ಬರೆಯುವ ಮುನ್ನ ಯೋಚಿಸಿ. ಅದು ಒಂದು ಮುಂಗಾರು ಕಾಯುವ ಮಾತು. ಪರಿಷ್ಕರಣೆಗೆ ಸಿಗುವ ಎರಡು ಮೂರು ತಿಂಗಳಲ್ಲಿ ಆಗುವುದಲ್ಲ. "ಎರಡನೆಯ ಹಂಗಾಮಿನ ದತ್ತಾಂಶ ಇದ್ದರೆ ಸೇರಿಸಿ, ಇಲ್ಲದಿದ್ದರೆ ಶಿಫಾರಸನ್ನು ಕೈಬಿಟ್ಟು ಫಲಿತಾಂಶವನ್ನು ಒಂದು ಹಂಗಾಮಿಗೆ ಸೀಮಿತಗೊಳಿಸಿ" ಎಂದು ಬರೆದರೆ ಲೇಖಕರಿಗೆ ಮಾಡಲು ಸಾಧ್ಯವಾದದ್ದನ್ನೇ ಕೇಳಿದಂತಾಗುತ್ತದೆ. ತೀರ್ಮಾನವನ್ನು ಉಳಿಸಲು ಅಗತ್ಯವಾದ ಪ್ರಯೋಗವನ್ನು ಕೇಳುವುದು ರೆಫರಿಯ ಹಕ್ಕು. ನಾನಾಗಿದ್ದರೆ ಇದನ್ನೂ ಮಾಡುತ್ತಿದ್ದೆ ಎನ್ನುವಂಥದ್ದನ್ನು ಕೇಳುವುದು ಬೇರೆಯವರ ಪ್ರಬಂಧವನ್ನು ನಾವು ಬರೆಯಲು ಹೊರಟಂತೆ.

ಗಡಿಯಲ್ಲಿ ನಿಲ್ಲುವ ಒಂದು ಕಾಮೆಂಟು ಇದೆ, ನಿಮ್ಮ ವಿಷಯಕ್ಕೆ ಹತ್ತಿರದ್ದು. ಬೀಜೋಪಚಾರಕ್ಕೆ ಬಳಸಿದ ಅಜೋಸ್ಪಿರಿಲಂ ಪುಡಿಯಲ್ಲಿ ಗ್ರಾಮಿಗೆ ಎಷ್ಟು ಜೀವಂತ ಕೋಶಗಳಿದ್ದವು ಎಂಬುದನ್ನು ಲೇಖಕರು ಬರೆದಿಲ್ಲ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕ್ಯಾರಿಯರ್ ಆಧಾರಿತ ಪುಡಿಯಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಇರಬೇಕು. ಎಣಿಕೆ ಮಾಡಿ ಬರೆಯಲು ಮರೆತಿದ್ದರೆ ಇದು ಒಂದು ಸಾಲು ಸೇರಿಸುವ ಮೈನರ್ ಕೆಲಸ. ಎಣಿಸಿಯೇ ಇಲ್ಲದಿದ್ದರೆ, ಬಿಸಿಲಿನಲ್ಲಿ ಕುಳಿತು ಸತ್ತ ಪೊಟ್ಟಣವನ್ನು ಹಚ್ಚಿದರೋ ಜೀವಂತ ಬ್ಯಾಕ್ಟೀರಿಯಾವನ್ನೋ ಯಾರಿಗೂ ಗೊತ್ತಿಲ್ಲ, ಆಗ ಅದು ಮೇಜರ್. ಎರಡರಲ್ಲಿ ಯಾವುದು ಎಂಬುದು ನಿಮಗೆ ತಿಳಿಯದ್ದರಿಂದ ಮೇಜರ್ ಪಟ್ಟಿಯ ಕೊನೆಯಲ್ಲಿ ಪ್ರಶ್ನೆಯಾಗಿ ಇಡಿ. ಮೈನರ್ ಪಟ್ಟಿಯಲ್ಲಿ ಇಟ್ಟರೆ "ವಿಧಾನದಲ್ಲಿ ಸೇರಿಸಲಾಗಿದೆ" ಎಂದು ಪೊಟ್ಟಣದ ಮೇಲೆ ಮುದ್ರಿಸಿದ ಸಂಖ್ಯೆಯನ್ನು ಬರೆದು ತಳ್ಳುವ ಸಾಧ್ಯತೆ ಇದೆ.

ಮೈನರ್ ಕಾಮೆಂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ, ಒಂದಕ್ಕೆ ಒಂದೇ ವಾಕ್ಯ. ಭಾಷೆಯ ತಿದ್ದುಪಡಿ ನಿಮ್ಮ ಕೆಲಸವಲ್ಲ; "ಭಾಷೆಯನ್ನು ಒಮ್ಮೆ ಕೂಲಂಕಷವಾಗಿ ತಿದ್ದಿಸಬೇಕು, ಉದಾಹರಣೆಗೆ ಇಂತಿಂಥ ಸಾಲುಗಳು" ಎಂದು ಮೂರು ಉದಾಹರಣೆ ಕೊಟ್ಟರೆ ನಿಮ್ಮ ಮೂವತ್ತು ಕಾಮೆಂಟುಗಳು ಒಂದಾಗುತ್ತವೆ. ಅರ್ಥವನ್ನೇ ಬದಲಿಸುವ ವಾಕ್ಯ, ತಪ್ಪು ಘಟಕ, ಪಠ್ಯದಲ್ಲಿ ಒಂದು ಕೋಷ್ಟಕದಲ್ಲಿ ಇನ್ನೊಂದಾಗಿರುವ ಸಂಖ್ಯೆ, ಇವನ್ನು ಮಾತ್ರ ಬಿಡಿಬಿಡಿಯಾಗಿ ತೋರಿಸಿ. ನಿಮ್ಮ 43 ಹೀಗೆ ಮೂರು ಮೇಜರ್, ಹತ್ತು ಹನ್ನೆರಡು ಮೈನರ್ ಆಗುತ್ತದೆ ಎಂದು ನನ್ನ ಅಂದಾಜು. ನಿಮ್ಮ ಅಥವಾ ನಿಮ್ಮ ಗೈಡ್‌ನ ಲೇಖನಗಳನ್ನು ಉಲ್ಲೇಖಿಸಿ ಎಂಬ ಕಾಮೆಂಟು ಏನಾದರೂ ಇದ್ದರೆ, ಅದಿಲ್ಲದೆ ವಾದ ನಿಲ್ಲುವುದೇ ಇಲ್ಲ ಎಂಬ ಖಾತ್ರಿ ಇಲ್ಲದಿದ್ದರೆ ತೆಗೆದುಹಾಕಿ. ಹೆಸರು ಮುಚ್ಚಿಟ್ಟರೂ ರೆಫರಿ ಯಾರೆಂದು ಅದರಿಂದಲೇ ಗೊತ್ತಾಗುವುದುಂಟು.

ಇನ್ನು ಶಿಫಾರಸು. ಗೈಡ್ ಹೇಳಿದ "ಮೇಜರ್ ರಿವಿಷನ್ ಹಾಕಿದರೆ ಯಾರಿಗೂ ಬೇಜಾರಿಲ್ಲ" ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ, ಮತ್ತು ಅದು ಯಾರಿಗೂ ನೆರವಾಗದ ನಂಬಿಕೆ. ಮೇಜರ್ ರಿವಿಷನ್ ಎಂದರೆ ಮಧ್ಯದ ಅಂಕವಲ್ಲ. ಅದೊಂದು ಷರತ್ತಿನ ಮಾತು: ಇಂತಿಂಥದ್ದನ್ನು ಮಾಡಿದರೆ, ಮತ್ತು ಅದು ಮಾಡಲು ಸಾಧ್ಯವಿದೆ, ಈ ಲೇಖನ ಪ್ರಕಟಣೆಗೆ ಅರ್ಹವಾಗಬಹುದು ಎಂದು ನೀವು ಹೇಳುತ್ತಿದ್ದೀರಿ. ಸರಿಪಡಿಸಲಾಗದ ದೋಷವಿರುವ ಲೇಖನಕ್ಕೆ ಅದನ್ನು ಹಾಕಿದರೆ ಲೇಖಕರು ಮೂರು ತಿಂಗಳು ದುಡಿದು, ನೀವು ಮತ್ತೆ ಓದಿ, ಕೊನೆಗೆ ಅದೇ ತಿರಸ್ಕಾರ ಸಿಗುತ್ತದೆ. ನೋವು ತಪ್ಪಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ.

ನಮ್ಮ ಉದಾಹರಣೆಯನ್ನು ಸ್ವಲ್ಪ ತಿರುಗಿಸಿ ನೋಡಿ. 75% ಸಾರಜನಕ ಮಾತ್ರ ಕೊಟ್ಟ ತಾಕುಗಳು ಪ್ರಯೋಗದಲ್ಲಿ ಇರಲೇ ಇಲ್ಲ ಎಂದುಕೊಳ್ಳಿ. ಆಗ ಅಜೋಸ್ಪಿರಿಲಂನ ಪಾತ್ರವನ್ನು ಸಾರಜನಕ ಕಡಿತದಿಂದ ಬೇರ್ಪಡಿಸಲು ಯಾವ ವಿಶ್ಲೇಷಣೆಯಿಂದಲೂ ಸಾಧ್ಯವಿಲ್ಲ. ಬಿತ್ತದ ತಾಕಿನಿಂದ ದತ್ತಾಂಶ ಬರುವುದಿಲ್ಲ. ಅಲ್ಲಿ ನನ್ನ ಶಿಫಾರಸು ತಿರಸ್ಕಾರ, ಯಾವ ಮುಲಾಜೂ ಇಲ್ಲದೆ, ಮತ್ತು ಮುಂದಿನ ಪ್ರಯೋಗಕ್ಕೆ ಆ ತಾಕನ್ನು ಸೇರಿಸಿ ಎಂಬ ಸೂಚನೆಯೊಂದಿಗೆ. ಇನ್ನೊಂದು ದಿಕ್ಕಿಗೆ ತಿರುಗಿಸಿ: ತಾಕುವಾರು ಲೆಕ್ಕದಲ್ಲಿ ಸಿ.ಡಿ. 1.33ರಿಂದ 1.6ಕ್ಕೆ ಮಾತ್ರ ಏರಿತು, 2 ಗ್ರಾಂ ಆಗಲೂ ನಿಂತಿತು ಎಂದುಕೊಳ್ಳಿ. ಆಗಲೂ ಮರುವಿಶ್ಲೇಷಣೆ ಕೇಳಬೇಕು, ಕಾಮೆಂಟು ಮೇಜರ್ ಪಟ್ಟಿಯಲ್ಲೇ ಇರಬೇಕು, ಆದರೆ ಸಂಪಾದಕರಿಗೆ ಲೇಖನ ಉಳಿಯುತ್ತದೆ ಎಂದು ವಿಶ್ವಾಸದಿಂದ ಹೇಳಬಹುದು.

ನಾವು ಮೊದಲು ಕಟ್ಟಿಕೊಂಡ ಹಸ್ತಪ್ರತಿ ಇವೆರಡರ ನಡುವೆ ಇದೆ, ಮತ್ತು ಇಲ್ಲಿ ಜರ್ನಲ್‌ನ ಮಾನದಂಡವನ್ನು ನೋಡದೆ ತೀರ್ಮಾನಿಸಲಾಗದು. ಫಲಿತಾಂಶ ಹೊಸದೇ, ದೊಡ್ಡದೇ ಎಂದು ಕೇಳದೆ ವಿಧಾನ ಸರಿಯಿದೆಯೇ ಎಂದಷ್ಟೇ ನೋಡುವ ಜರ್ನಲ್‌ಗಳಿವೆ. ಅಲ್ಲಿ "ಒಂದು ಹಂಗಾಮಿನಲ್ಲಿ, ನಾಲ್ಕು ಪುನರಾವರ್ತನೆಗಳಲ್ಲಿ, ಪ್ರಯೋಜನದ ಸೂಚನೆ ಇದೆ ಆದರೆ ಖಚಿತವಿಲ್ಲ" ಎಂಬ ಪ್ರಾಮಾಣಿಕ ಲೇಖನಕ್ಕೂ ಜಾಗವಿದೆ, ಮೇಜರ್ ರಿವಿಷನ್ ನ್ಯಾಯವಾದದ್ದು. ಕ್ಷೇತ್ರ ಪ್ರಯೋಗಕ್ಕೆ ಕನಿಷ್ಠ ಎರಡು ಹಂಗಾಮು ಬೇಕು ಎಂದು ಲೇಖಕರ ಸೂಚನೆಗಳಲ್ಲೇ ಬರೆದಿರುವ ಜರ್ನಲ್‌ಗಳೂ ಇವೆ. ಅಲ್ಲಿ ಎರಡನೆಯ ಹಂಗಾಮು ಇಲ್ಲದಿದ್ದರೆ ತಿರಸ್ಕಾರ. ನಾನಾಗಿದ್ದರೆ ಮೊದಲ ಬಗೆಯ ಜರ್ನಲ್‌ಗೆ ಮೇಜರ್ ರಿವಿಷನ್ ಎಂದು ಗುರುತು ಹಾಕಿ, ಸಂಪಾದಕರಿಗೆ ಮಾತ್ರ ಕಾಣುವ ಪೆಟ್ಟಿಗೆಯಲ್ಲಿ ಹೀಗೆ ಬರೆಯುತ್ತಿದ್ದೆ: "ಮೊದಲ ಮೇಜರ್ ಕಾಮೆಂಟಿನ ಮೇಲೆ ಎಲ್ಲವೂ ನಿಂತಿದೆ. ಮರುವಿಶ್ಲೇಷಣೆಯ ನಂತರ ಈಗಿನ ಶೀರ್ಷಿಕೆ ಮತ್ತು ಶಿಫಾರಸು ಉಳಿಯಲಾರವು ಎಂದು ನನ್ನ ಲೆಕ್ಕ. ಲೇಖಕರು ತೀರ್ಮಾನವನ್ನು ಅದಕ್ಕೆ ತಕ್ಕಂತೆ ತಗ್ಗಿಸಿದರೆ ಲೇಖನ ಪ್ರಕಟಣೆಗೆ ಅರ್ಹ. ಹಾಗೆ ತಗ್ಗಿದ ಲೇಖನ ನಿಮ್ಮ ಓದುಗರಿಗೆ ಬೇಕೇ ಎಂಬುದು ನಿಮ್ಮ ನಿರ್ಧಾರ."

ಆ ಪೆಟ್ಟಿಗೆಯ ಬಗ್ಗೆ ಒಂದು ಎಚ್ಚರಿಕೆ. ಲೇಖಕರಿಗೆ ಸೌಮ್ಯವಾಗಿ ಬರೆದು, ಸಂಪಾದಕರಿಗೆ ಗುಟ್ಟಾಗಿ "ಇದು ಕೆಲಸಕ್ಕೆ ಬಾರದ್ದು" ಎಂದು ಬರೆಯುವ ರೂಢಿ ಕೆಲವರಲ್ಲಿದೆ. ಇದರಿಂದ ಸಂಪಾದಕರು ಇಕ್ಕಟ್ಟಿಗೆ ಸಿಗುತ್ತಾರೆ: ತಿರಸ್ಕರಿಸಿದರೆ ಲೇಖಕರು, "ರೆಫರಿಯ ವರದಿಯಲ್ಲಿ ಅಂಥ ದೋಷ ಏನೂ ಇಲ್ಲವಲ್ಲ" ಎಂದು ಪತ್ರ ಬರೆಯುತ್ತಾರೆ. ಗುಟ್ಟಿನ ಪೆಟ್ಟಿಗೆಯಲ್ಲಿ ಬರೆದ ಪ್ರತಿ ಆಕ್ಷೇಪಕ್ಕೂ ಲೇಖಕರಿಗೆ ಕಾಣುವ ಭಾಗದಲ್ಲಿ ಆಧಾರ ಇರಬೇಕು. ಕೃತಿಚೌರ್ಯದ ಅನುಮಾನ, ಹಿತಾಸಕ್ತಿಯ ಸಂಘರ್ಷ, ನಿಮ್ಮ ಪರಿಣತಿಯ ಮಿತಿ, ಇಂಥವು ಮಾತ್ರ ಅಲ್ಲಿಗಷ್ಟೇ ಸೇರಿದವು. ಅದೇ ರೀತಿ, ಹೆಚ್ಚಿನ ಜರ್ನಲ್‌ಗಳು ಲೇಖಕರಿಗೆ ಹೋಗುವ ಭಾಗದಲ್ಲಿ "ತಿರಸ್ಕರಿಸಿ" ಅಥವಾ "ಸ್ವೀಕರಿಸಿ" ಎಂಬ ಪದ ಬರೆಯಬೇಡಿ ಎಂದು ಕೇಳುತ್ತವೆ, ಏಕೆಂದರೆ ಇನ್ನಿಬ್ಬರು ರೆಫರಿಗಳು ಬೇರೆ ಹೇಳಿರಬಹುದು, ನಿರ್ಧಾರ ಸಂಪಾದಕರದು. ಶಿಫಾರಸನ್ನು ಫಾರ್ಮಿನಲ್ಲಿ ಗುರುತಿಸಿ, ಲೇಖಕರಿಗೆ ಕಾರಣವನ್ನು ಬರೆಯಿರಿ.

ಹಿರಿಯರ ವಿಷಯದಲ್ಲಿ ನಿಮಗಿರುವ ದಾರಿಗಳು ಇಷ್ಟು. ಅವರೊಂದಿಗೆ ಇತ್ತೀಚೆಗೆ ಲೇಖನ ಬರೆದಿದ್ದರೆ, ಒಂದೇ ಸಂಸ್ಥೆಯವರಾಗಿದ್ದರೆ, ಅಥವಾ ನಿಮ್ಮ ನೇಮಕಾತಿ ಅವರ ಕೈಯಲ್ಲಿದ್ದರೆ, ಇಂದೇ ಸಂಪಾದಕರಿಗೆ ತಿಳಿಸಿ. ಬಿಟ್ಟುಬಿಡಿ ಎಂದರೆ ಬಿಟ್ಟುಬಿಡಿ, ಅದರಿಂದ ನಿಮ್ಮ ಹೆಸರು ಕೆಡುವುದಿಲ್ಲ. ಅಂಥದ್ದೇನೂ ಇಲ್ಲದೆ ಬರೀ ಹೆಸರಿನ ಭಯವಾಗಿದ್ದರೆ ಹೆಸರಿಲ್ಲದ ವರದಿಯನ್ನೇ ಬರೆಯಿರಿ. ಸಹಿ ಹಾಕುವ ರೆಫರಿಗಳೂ ಇದ್ದಾರೆ, ಆ ಪಾರದರ್ಶಕತೆ ನನಗೆ ಇಷ್ಟ, ಆದರೆ ಕೆಲಸ ಇನ್ನೂ ಕಾಯಂ ಆಗದವರಿಗೆ ನಾನು ಅದನ್ನು ಹೇಳುವುದಿಲ್ಲ. ನಮ್ಮ ಕ್ಷೇತ್ರ ಚಿಕ್ಕದು.

ಗೈಡ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ಹಸ್ತಪ್ರತಿಯನ್ನು ತೋರಿಸಿದ್ದೀರೋ, ಬಾಯಿಮಾತಿನಲ್ಲಿ ಕೇಳಿದ್ದೀರೋ ನಿಮ್ಮ ಪ್ರಶ್ನೆಯಿಂದ ತಿಳಿಯಲಿಲ್ಲ. ತೋರಿಸಿದ್ದರೆ ಸಂಪಾದಕರಿಗೆ ಹಾಗೆಂದು ಬರೆದು, ಅವರ ಹೆಸರನ್ನು ಸಹ-ರೆಫರಿಯಾಗಿ ಕೊಡಿ. ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿ ಕೋಪ್‌ನ ಮಾರ್ಗಸೂಚಿ ಕೇಳುವುದೂ ಇದನ್ನೇ. ಅನುಮತಿ ಕೇಳಿದರೆ ಸಂಪಾದಕರು ಸಾಮಾನ್ಯವಾಗಿ ಒಪ್ಪುತ್ತಾರೆ. ತೋರಿಸಿರದಿದ್ದರೆ ಇನ್ನು ಮೇಲೂ ತೋರಿಸಬೇಡಿ, ಸಾಮಾನ್ಯ ರೂಪದ ಪ್ರಶ್ನೆಯನ್ನಷ್ಟೇ ಕೇಳಿ, ನನಗೆ ಕೇಳಿದಂತೆ.

ವರದಿಯನ್ನು ಬರೆದ ದಿನವೇ ಸಲ್ಲಿಸದೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮೇಜರ್ ಕಾಮೆಂಟುಗಳನ್ನು ಮಾತ್ರ ಓದಿ, ಅವುಗಳಿಂದ ಯಾವ ಶಿಫಾರಸು ಹೊರಡುತ್ತದೆ ಎಂದು ನೋಡಿಕೊಳ್ಳಿ. ಅದು ನೀವು ಫಾರ್ಮಿನಲ್ಲಿ ಗುರುತಿಸಿದ್ದಕ್ಕಿಂತ ಬೇರೆಯಾಗಿದ್ದರೆ ಎರಡರಲ್ಲಿ ಒಂದು ತಪ್ಪಿದೆ. ಪರಿಷ್ಕರಿಸಿದ ಲೇಖನ ಮತ್ತೆ ನಿಮ್ಮ ಬಳಿಗೇ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ಈಗ ಹಾಕಿದ ಲೆಕ್ಕದ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಬಂದಾಗ ಮೊದಲು ತೆರೆಯಬೇಕಾದದ್ದು ಅದೇ. ಎರಡನೆಯ ಸುತ್ತಿನಲ್ಲಿ ನೀವು ಕೇಳಿದ್ದನ್ನು ಮಾಡಿದ್ದಾರೆಯೇ ಎಂದು ನೋಡಿ. ಮೊದಲ ಸುತ್ತಿನಲ್ಲೇ ಎತ್ತಬಹುದಾಗಿದ್ದ ಹೊಸ ಆಕ್ಷೇಪವನ್ನು, ಅದು ತೀರ್ಮಾನವನ್ನೇ ಬೀಳಿಸುವಂಥದ್ದಲ್ಲದಿದ್ದರೆ, ಆಗ ಎತ್ತಬೇಡಿ.